ಎಣಿಕೆ ಮೂಲದ್ದು, ವಾಕ್ಯ ಕನ್ನಡದ್ದು: ಕಾಫಿ ಸೀಮೆಯ ವರದಿಗಳ ಅನುವಾದದಲ್ಲಿ ತಲೆಬರಹ, ಪಟ್ಟಿ, ಕೋಷ್ಟಕ

ಸಕಲೇಶಪುರ, ಆಲೂರು ಸೀಮೆಯ ಬೆಳೆಗಾರರ ಆದಾಯ, ಸಾಲ, ಜಮೀನುಗಳ ಬಗ್ಗೆ ಮಾತಾಡುವ ವರದಿಗಳು ಬಹುಪಾಲು ಇಂಗ್ಲಿಷಿನಲ್ಲೇ ತಯಾರಾಗುತ್ತವೆ. ರೈತ ಉತ್ಪಾದಕ ಕಂಪನಿಯ ವಾರ್ಷಿಕ ವರದಿ ಲೆಕ್ಕಪರಿಶೋಧಕರ ಕಚೇರಿಯಿಂದ ಇಂಗ್ಲಿಷಿನಲ್ಲಿ ಬರುತ್ತದೆ. ಕಾಫಿ ಮಂಡಳಿ ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಅದರ ವಾರ್ಷಿಕ ವರದಿ 1963ರ ಅಧಿಕೃತ ಭಾಷೆಗಳ ಕಾಯ್ದೆಯಂತೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಇರಬೇಕು. ಕನ್ನಡದಲ್ಲಿ ಇರಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಹೀಗಾಗಿ ತೋಟದ ಮನೆಗೆ ತಲುಪುವ ಕನ್ನಡ ಪ್ರತಿ ಸಾಮಾನ್ಯವಾಗಿ ಅನುವಾದ. ಅದನ್ನು ಸಿದ್ಧಪಡಿಸುವವರು ಕಂಪನಿಯ ಗುಮಾಸ್ತರು, ನಿವೃತ್ತ ಮೇಷ್ಟರು ಇಲ್ಲವೇ ಹಾಸನದ ಡಿ.ಟಿ.ಪಿ. ಅಂಗಡಿಯವರು.

ಈ ಅನುವಾದಗಳಲ್ಲಿ ಭಾಷೆ ಚೆನ್ನಾಗಿದೆಯೇ ಎಂಬ ಚರ್ಚೆ ಆಗಾಗ ನಡೆಯುತ್ತದೆ. ವರದಿಯ ಚೌಕಟ್ಟು ಉಳಿದಿದೆಯೇ ಎಂದು ಕೇಳುವವರು ಕಡಿಮೆ. ಆದರೆ ವಾರ್ಷಿಕ ಮಹಾಸಭೆಯಲ್ಲಿ ನಡೆಯುವ ಮಾತೆಲ್ಲ ಚೌಕಟ್ಟನ್ನು ಹಿಡಿದೇ ಸಾಗುತ್ತದೆ. 'ಕೋಷ್ಟಕ 4.2ರ ಮೂರನೇ ಸಾಲಿನಲ್ಲಿ ಯಾಕೆ ಕಡಿಮೆಯಾಗಿದೆ?' 'ನಿರ್ದೇಶಕ ಮಂಡಳಿಯ ವರದಿಯ 6ನೇ ಭಾಗದ ಎರಡನೇ ಅಂಶಕ್ಕೆ ನನ್ನ ಆಕ್ಷೇಪ ಇದೆ.' ಹೀಗೆ ಕೇಳುವ ಸದಸ್ಯರ ಕೈಯಲ್ಲಿರುವುದು ಕನ್ನಡ ಪ್ರತಿ, ಉತ್ತರಿಸುವ ಲೆಕ್ಕಪರಿಶೋಧಕರ ಕೈಯಲ್ಲಿರುವುದು ಇಂಗ್ಲಿಷ್ ಪ್ರತಿ. ಎರಡರಲ್ಲೂ ಮೂರನೇ ಸಾಲು ಒಂದೇ ಆಗಿರದಿದ್ದರೆ ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತಾರೆ, ಅದು ಇಬ್ಬರಿಗೂ ಗೊತ್ತಾಗುವುದಿಲ್ಲ.

ಇದು ಕಂಪನಿಗಳ ವರದಿಗಷ್ಟೇ ಸೀಮಿತವಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2014ರ ಮಾರ್ಚ್ 10ರಂದು ಬಂತು. ಆಮೇಲೆ ಹಲವು ಸಲ ಮತ್ತೆ ಹೊರಟು, ಆರನೆಯ ಕರಡು 2024ರ ಜುಲೈ 31ರಂದು ಪ್ರಕಟವಾಯಿತು. ಅದರ ಜೀವಾಳ ಇರುವುದು ಅನುಬಂಧದ ಹಳ್ಳಿಗಳ ಪಟ್ಟಿಯಲ್ಲಿ. ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶದ ಆ ಪಟ್ಟಿಯಲ್ಲಿ ಸಕಲೇಶಪುರ, ಆಲೂರು ತಾಲ್ಲೂಕುಗಳ ಹಳ್ಳಿಗಳೂ ಇವೆ. ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಹೆತ್ತೂರು ಕಡೆಯ ಬೆಳೆಗಾರರೊಬ್ಬರಿಗೆ ಆ ದಸ್ತಾವೇಜಿನಲ್ಲಿ ಮೊದಲು ಬೇಕಾದದ್ದು ತಮ್ಮ ಹಳ್ಳಿಯ ಸಾಲು ಮತ್ತು ಅದರ ಕ್ರಮಸಂಖ್ಯೆ. ಅನುವಾದದಲ್ಲಿ ಒಂದು ಸಾಲು ತಪ್ಪಿದರೆ ಅಥವಾ ಹೆಸರುಗಳನ್ನು ಅಕಾರಾದಿಯಲ್ಲಿ ಮರುಜೋಡಿಸಿದರೆ, ಅವರು ಬರೆಯುವ ಆಕ್ಷೇಪಣೆ ಬೇರೆ ಹಳ್ಳಿಯ ಕ್ರಮಸಂಖ್ಯೆಯನ್ನು ಹೊತ್ತುಕೊಂಡು ದೆಹಲಿಗೆ ಹೋಗುತ್ತದೆ.

ಈ ಸಮಸ್ಯೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡಿರುವುದು ಯುರೋಪಿಯನ್ ಒಕ್ಕೂಟ. ಅದರ ಕಾನೂನುಗಳು 24 ಭಾಷೆಗಳಲ್ಲಿ ಬರುತ್ತವೆ. ಅಲ್ಲಿನ ರಾಜಪತ್ರದಲ್ಲಿ ಒಂದೇ ಪಠ್ಯ ಎಲ್ಲ ಭಾಷೆಗಳಲ್ಲೂ ಅದೇ ಪುಟದಲ್ಲಿ ಸಿಗುವಂತೆ ಜೋಡಿಸುವ ಸಂಪ್ರದಾಯ ಬೆಳೆದಿದೆ. ನಮ್ಮ ಸಣ್ಣ ಕಂಪನಿಗಳಿಗೆ ಪುಟದ ಮಟ್ಟದ ಹೊಂದಾಣಿಕೆ ದುಬಾರಿ, ಅದರ ಅಗತ್ಯವೂ ಇಲ್ಲ. ಆದರೆ ಅದರ ಹಿಂದಿರುವ ತತ್ವ ನಮಗೂ ಬೇಕು. ವರದಿಯಲ್ಲಿ ಎಣಿಸಬಹುದಾದದ್ದೆಲ್ಲ ಮೂಲದಂತೆಯೇ ಇರಬೇಕು, ವಾಕ್ಯ ಮಾತ್ರ ಪೂರ್ತಿ ಕನ್ನಡದ್ದಾಗಬೇಕು. ಎರಡನ್ನೂ ಒಟ್ಟಿಗೆ ಸಾಧಿಸಬೇಕಾದರೆ ಒಂದು ಸಲಕ್ಕೆ ಎಷ್ಟನ್ನು ಅನುವಾದಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ತಲೆಬರಹಗಳ ಮಟ್ಟಿಗೆ ಅದು ಇಡೀ ಪರಿವಿಡಿ, ಪಟ್ಟಿಯ ಮಟ್ಟಿಗೆ ಪೀಠಿಕೆ ಸಾಲೂ ಸೇರಿದ ಇಡೀ ಪಟ್ಟಿ, ಕೋಷ್ಟಕದ ಮಟ್ಟಿಗೆ ಟಿಪ್ಪಣಿಯೂ ಸೇರಿದ ಇಡೀ ಕೋಷ್ಟಕ. ಬಿಡಿ ಸಾಲನ್ನು ಬಿಡಿಯಾಗಿ ಅನುವಾದಿಸುವ ಅಭ್ಯಾಸದಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ.

ತಲೆಬರಹಗಳು

ತೊಂಬತ್ತು ಪುಟಗಳ ವಾರ್ಷಿಕ ವರದಿಯೊಂದನ್ನು ಊಹಿಸಿಕೊಳ್ಳೋಣ. ಎಂಟು ಅಧ್ಯಾಯಗಳಿವೆ, ಪ್ರತಿಯೊಂದರಲ್ಲೂ ಐದಾರು ಉಪಶೀರ್ಷಿಕೆಗಳಿವೆ. ಸಮಯ ಸಾಲದೆಂದು ಅಧ್ಯಾಯಗಳನ್ನು ಮೂವರು ಹಂಚಿಕೊಂಡಿದ್ದಾರೆ. ಇಂಗ್ಲಿಷಿನ ಉಪಶೀರ್ಷಿಕೆಗಳೆಲ್ಲ ಒಂದೇ ಧಾಟಿಯವು, ಕ್ರಿಯೆಯನ್ನೇ ನಾಮಪದವಾಗಿಸಿದ ಪುಟ್ಟ ಪದಗುಚ್ಛಗಳು. ಕನ್ನಡಕ್ಕೆ ಬಂದಾಗ ಮೊದಲನೆಯವರು 'ಗೊಬ್ಬರ ಖರೀದಿ' ಎಂದು ಬರೆಯುತ್ತಾರೆ. ಎರಡನೆಯವರು 'ಗೋದಾಮನ್ನು ವಿಸ್ತರಿಸುವುದು' ಎನ್ನುತ್ತಾರೆ. ಮೂರನೆಯವರು 'ಮೆಣಸಿಗೆ ಮಾರುಕಟ್ಟೆ ಹುಡುಕುವ ಬಗೆ' ಎನ್ನುತ್ತಾರೆ. ಮೂರೂ ಒಳ್ಳೆಯ ಕನ್ನಡವೇ. ಆದರೆ ಒಂದೇ ಪರಿವಿಡಿಯಲ್ಲಿ ಸೇರಿದಾಗ ಮೊದಲನೆಯದು ಮುಗಿದ ವ್ಯವಹಾರದಂತೆ, ಎರಡನೆಯದು ಮುಂದಿನ ಯೋಜನೆಯಂತೆ, ಮೂರನೆಯದು ಸಲಹೆಯಂತೆ ಕೇಳುತ್ತದೆ. ಮೂಲದಲ್ಲಿ ಇಲ್ಲದ ಕಾಲಭೇದವನ್ನು ಓದುಗರು ಅಲ್ಲಿ ಕಾಣುತ್ತಾರೆ.

ಇದಕ್ಕೆ ಪರಿಹಾರ ಸುಲಭ. ಒಳಗಿನ ಪಠ್ಯಕ್ಕೆ ಕೈಹಾಕುವ ಮೊದಲು ಪರಿವಿಡಿಯನ್ನು ಒಂದೇ ಹಾಳೆಗೆ ಇಳಿಸಿ, ಒಬ್ಬರೇ ಕುಳಿತು ಎಲ್ಲ ತಲೆಬರಹಗಳನ್ನೂ ಒಂದೇ ಸಲಕ್ಕೆ ಕನ್ನಡಕ್ಕೆ ತರಬೇಕು. ಪ್ರತಿ ಮಟ್ಟಕ್ಕೂ ಒಂದು ರೂಪ ಸಾಕು. ಅಧ್ಯಾಯಕ್ಕೆ ನಾಮಪದ ಎಂದಾದರೆ ಎಂಟಕ್ಕೂ ನಾಮಪದ, ಉಪಶೀರ್ಷಿಕೆಗೆ 'ಖರೀದಿ, ವಿಸ್ತರಣೆ, ಹುಡುಕಾಟ' ಎಂಬ ಜಾತಿಯ ಕ್ರಿಯಾನಾಮ ಎಂದಾದರೆ ಎಲ್ಲಕ್ಕೂ ಅದೇ. ಒಂದೆರಡು ಕಡೆ ಕ್ರಿಯಾನಾಮ ಕೃತಕವಾಗಿ ಕೇಳಿದರೆ ಆ ಒಂದನ್ನು ಮಾತ್ರ ಬದಲಿಸಿ ಸಾಮ್ಯ ಮುರಿಯುವುದಕ್ಕಿಂತ, ಆ ಮಟ್ಟದ ಎಲ್ಲವನ್ನೂ 'ಖರೀದಿಸುವುದು, ವಿಸ್ತರಿಸುವುದು, ಹುಡುಕುವುದು' ಎಂಬ ಸರಳ ರೂಪಕ್ಕೆ ತರುವುದು ವಾಸಿ. ಹೀಗೆ ನಿಗದಿಯಾದ ಹಾಳೆಯ ಪ್ರತಿ ಮೂವರ ಮೇಜಿನ ಮೇಲೂ ಇದ್ದರೆ, 'ಅಧ್ಯಾಯ 5ರಲ್ಲಿ ಹೇಳಿದಂತೆ' ಎಂಬ ಉಲ್ಲೇಖ ಬಂದಾಗ ಅಧ್ಯಾಯದ ಹೆಸರನ್ನು ಯಾರೂ ಹೊಸದಾಗಿ ಕಟ್ಟುವುದಿಲ್ಲ.

ಇನ್ನೊಂದು ಸಮಸ್ಯೆ ಕಣ್ಣಿಗೆ ಕಾಣದಂತೆ ಕಡತದೊಳಗೆ ಇರುತ್ತದೆ. ವರ್ಡ್ ಕಡತದಲ್ಲಿ `Heading 1`, `Heading 2` ಎಂಬ ಶೈಲಿ ಹಚ್ಚಿದ ಸಾಲುಗಳಷ್ಟೇ ತಾವಾಗಿ ಪರಿವಿಡಿಗೆ ಸೇರುತ್ತವೆ. ಅನುವಾದಿಸುವವರು ಹಳೆಯ ಸಾಲನ್ನು ಅಳಿಸಿ, ಹೊಸ ಸಾಲು ಬರೆದು, ಅಕ್ಷರ ದೊಡ್ಡದು ಮಾಡಿ ದಪ್ಪಗೊಳಿಸಿದರೆ ಅದು ನೋಡಲು ತಲೆಬರಹದಂತೆ ಇರುತ್ತದೆ, ಆದರೆ ಕಂಪ್ಯೂಟರಿಗೆ ಅದು ಮಾಮೂಲಿ ಪ್ಯಾರಾ. ಪರಿವಿಡಿಯನ್ನು ಹೊಸದಾಗಿ ಮಾಡಿದಾಗ ಅದು ಕಾಣೆಯಾಗುತ್ತದೆ. ತಲೆಬರಹಕ್ಕೆ ಸಂಖ್ಯೆ ತಾನಾಗಿ ಬರುವಂತೆ ಮಾಡಿದ್ದರೆ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಕೆಳಗಿಳಿಯುತ್ತವೆ. ಆದ್ದರಿಂದ ಸಾಲನ್ನು ಅಳಿಸದೆ, ಅದರ ಒಳಗಿನ ಪದಗಳನ್ನಷ್ಟೇ ಬದಲಿಸಬೇಕು. `Navigation Pane` ತೆರೆದಿಟ್ಟು ಮೂಲ ಮತ್ತು ಕನ್ನಡ ಕಡತಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಜಾರಿದೆ ಎಂದು ಅರೆನಿಮಿಷದಲ್ಲಿ ಕಾಣುತ್ತದೆ.

'ಕೋಷ್ಟಕ 4.2 ನೋಡಿ' ಎಂಬಂಥ ಅಡ್ಡ ಉಲ್ಲೇಖಗಳಿಗೆ ಕನ್ನಡದಲ್ಲಿ ವಿಭಕ್ತಿ ಅಂಟುತ್ತದೆ: 4.2ರಲ್ಲಿ, 4.2ಕ್ಕೆ, 4.2ರಿಂದ. ಮೂಲದಲ್ಲಿ ಆ ಸಂಖ್ಯೆ ತಾನಾಗಿ ಬದಲಾಗುವ ಕ್ಷೇತ್ರವಾಗಿದ್ದರೆ ಪ್ರತ್ಯಯವನ್ನು ಅದರ ಹೊರಗೆ, ಅದಕ್ಕೆ ತಾಗಿಸಿ ಬರೆಯಬೇಕು. ಒಳಗೆ ಬರೆದ ಅಕ್ಷರಗಳು `Ctrl+A`, `F9` ಒತ್ತಿ ಕ್ಷೇತ್ರಗಳನ್ನು ಹೊಸದಾಗಿ ಮಾಡಿದ ಕ್ಷಣ ಅಳಿದುಹೋಗುತ್ತವೆ. 'ಕೋಷ್ಟಕ 4.2 ವಿವರಿಸಿದಂತೆ' ಎಂಬ ಕುಂಟು ವಾಕ್ಯ ಮುದ್ರಿತ ವರದಿಯಲ್ಲಿ ಕಂಡರೆ, 'ರಲ್ಲಿ' ಹೀಗೆಯೇ ಹೋಗಿದೆ ಎಂದು ಅನುಮಾನಿಸಬಹುದು.

ಪಟ್ಟಿಗಳು

ಕನ್ನಡ ಅನುವಾದ ಅತಿ ಹೆಚ್ಚು ಎಡವುವುದು ಅಂಶಪಟ್ಟಿಗಳಲ್ಲಿ, ಮತ್ತು ಅದಕ್ಕೆ ಕಾರಣ ವ್ಯಾಕರಣ. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃ, ಕ್ರಿಯಾಪದ ಮೊದಲೇ ಬಂದುಬಿಡುತ್ತವೆ. ಆದ್ದರಿಂದ 'ಕಂಪನಿಯು ಕೊಡತಕ್ಕದ್ದು' ಎಂಬಷ್ಟನ್ನು ಪೀಠಿಕೆ ಸಾಲಿನಲ್ಲಿ ಹೇಳಿ, ಏನನ್ನು ಕೊಡಬೇಕು ಎಂಬುದನ್ನು ಕೆಳಗೆ ನಾಲ್ಕು ಅಂಶಗಳಾಗಿ ಇಳಿಬಿಡಬಹುದು. ಕನ್ನಡದಲ್ಲಿ ಕ್ರಿಯಾಪದದ ಜಾಗ ಕೊನೆ. ಪೀಠಿಕೆಯನ್ನು ಇದ್ದಂತೆ ಅನುವಾದಿಸಿದರೆ ಕ್ರಿಯಾಪದಕ್ಕೆ ಜಾಗವೇ ಇರುವುದಿಲ್ಲ. ಅವಸರದಲ್ಲಿರುವವರು ಅದನ್ನು ಕೊನೆಯ ಅಂಶದ ಬಾಲಕ್ಕೆ ಕಟ್ಟುತ್ತಾರೆ. ಆಗ ಮೊದಲ ಮೂರು ಅಂಶಗಳು ಅರ್ಧ ವಾಕ್ಯವಾಗಿ ನಿಲ್ಲುತ್ತವೆ, ಕಂಪನಿ ಕೊಡಬೇಕಾದದ್ದು ನಾಲ್ಕನೆಯದೊಂದೇ ಎಂಬಂತೆ ಓದಿಸಿಕೊಳ್ಳುತ್ತದೆ.

ಈಗ ರೂಢಿಯಲ್ಲಿರುವ ಪರಿಹಾರಗಳು ಮೂರು. ಮೊದಲನೆಯದು, ಪೀಠಿಕೆಯನ್ನು ಪೂರ್ಣ ವಾಕ್ಯ ಮಾಡಿ ಅಂಶಗಳನ್ನು ಒಂದೇ ರೂಪದಲ್ಲಿ ಇಡುವುದು. 'ಈ ವರ್ಷ ಕೆಳಗಿನ ಮೂರು ಕೆಲಸಗಳಿಗೆ ಮಂಡಳಿ ಒಪ್ಪಿಗೆ ಕೊಟ್ಟಿದೆ' ಎಂದು ಬರೆದು, ಕೆಳಗೆ 'ಕಣ ದುರಸ್ತಿ ಮಾಡಿಸುವುದು. ತೇವಾಂಶ ಅಳೆಯುವ ಯಂತ್ರ ಕೊಳ್ಳುವುದು. ಚೀಲ ಸಾಗಿಸಲು ವಾಹನ ಗೊತ್ತುಮಾಡುವುದು' ಎಂದು ಪಟ್ಟಿ ಮಾಡಬಹುದು. ಎರಡನೆಯದು, ಪ್ರತಿ ಅಂಶಕ್ಕೂ ಅದರದೇ ಕ್ರಿಯಾಪದ ಕೊಡುವುದು: 'ಕಣ ದುರಸ್ತಿ ಮಾಡಿಸಲಾಗುವುದು', 'ಯಂತ್ರ ಕೊಳ್ಳಲಾಗುವುದು'. ಸ್ವಲ್ಪ ಉದ್ದವಾದರೂ, ಅಂಶಗಳನ್ನು ಒಂದೊಂದಾಗಿ ಉಲ್ಲೇಖಿಸುವ ಕಡೆ ಇದೇ ಸುರಕ್ಷಿತ. ಮೂರನೆಯದು ಕಾನೂನು ಪಠ್ಯಗಳಲ್ಲಿ ಕಾಣುವ ರೀತಿ. ಅಂಶಗಳೆಲ್ಲ ಮುಗಿದ ಮೇಲೆ ಸಂಖ್ಯೆಯಿಲ್ಲದ ಒಂದು ಸಾಲಿನಲ್ಲಿ ಕ್ರಿಯಾಪದವನ್ನು ಇಟ್ಟು ವಾಕ್ಯ ಮುಗಿಸುತ್ತಾರೆ. ಇದು ಮೂಲದ ಅರ್ಥವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಎಂಟು ಅಂಶ ದಾಟಿ ಕ್ರಿಯಾಪದ ಸಿಗುವ ಹೊತ್ತಿಗೆ ಓದುಗರಿಗೆ ಕರ್ತೃವೇ ಮರೆತಿರುತ್ತದೆ. ಸದಸ್ಯರಿಗೆ ಹಂಚುವ ವರದಿಗೆ ಮೊದಲೆರಡು ಸಾಕು. ಯಾವುದನ್ನು ಆರಿಸಿದರೂ ಅಂಶಗಳ ಸಂಖ್ಯೆ, ಕ್ರಮ ಎರಡೂ ಮೂಲದಂತೆಯೇ ಉಳಿಯುತ್ತವೆ, ಬದಲಾಗುವುದು ವಾಕ್ಯ ಮಾತ್ರ.

ಅರ್ಥಕ್ಕೆ ನೇರವಾಗಿ ಪೆಟ್ಟು ಬೀಳುವ ಜಾಗಗಳು ಎರಡಿವೆ. ಒಂದು, 'ಮತ್ತು', 'ಅಥವಾ'. ಇಂಗ್ಲಿಷ್ ಪಟ್ಟಿಯಲ್ಲಿ ಈ ಪದ ಕೊನೆಯ ಅಂಶದ ಹಿಂದಿನ ಸಾಲಿನ ತುದಿಯಲ್ಲಿ ಒಂದೇ ಒಂದು ಸಲ ಬರುತ್ತದೆ. ಕನ್ನಡದಲ್ಲಿ ಪ್ರತಿ ಸಾಲಿಗೂ ಪೂರ್ಣವಿರಾಮ ಹಾಕಿ ಮುಗಿಸುವಾಗ ಅದು ಉದುರಿಹೋಗುತ್ತದೆ. ಬೋನಸ್ ಪಡೆಯಲು ಸದಸ್ಯರು ಕನಿಷ್ಠ ಹತ್ತು ಚೀಲ ಕಾಫಿ ಕೊಟ್ಟಿರಬೇಕು, ಕಳೆದ ಸಭೆಗೆ ಬಂದಿರಬೇಕು, ಸಾಲದ ಬಾಕಿ ಇರಬಾರದು ಎಂಬ ಮೂರು ಷರತ್ತುಗಳಿದ್ದವು ಎನ್ನಿ. ಮೂರೂ ಬೇಕೇ, ಒಂದಿದ್ದರೆ ಸಾಕೇ? ಉತ್ತರವಿದ್ದದ್ದು ಆ ಒಂದು ಪದದಲ್ಲಿ. ಕನ್ನಡದಲ್ಲಿ ಅದನ್ನು ಪೀಠಿಕೆಗೇ ತಂದುಬಿಡುವುದು ಒಳ್ಳೆಯದು: 'ಕೆಳಗಿನ ಮೂರೂ ಷರತ್ತುಗಳನ್ನು ಪೂರೈಸಿದ ಸದಸ್ಯರಿಗೆ' ಅಥವಾ 'ಕೆಳಗಿನ ಯಾವುದಾದರೂ ಒಂದು ಷರತ್ತನ್ನು ಪೂರೈಸಿದ ಸದಸ್ಯರಿಗೆ'. ಎರಡನೆಯ ಜಾಗ ನಿಷೇಧ. ಮೂಲದ ಪೀಠಿಕೆಯಲ್ಲೇ 'ಇಲ್ಲ' ಇದ್ದು, ಕೆಳಗಿನ ಅಂಶಗಳೆಲ್ಲ ಅದರ ಅಡಿಗೆ ಬರುತ್ತವೆ. ಕನ್ನಡದ ನಿಷೇಧ ಕ್ರಿಯಾಪದದ ಜೊತೆ ಕೊನೆಗೆ ಬರುವುದರಿಂದ ಎರಡನೆಯ ಪರಿಹಾರವನ್ನು ಆರಿಸಿದವರು ಪ್ರತಿ ಅಂಶದಲ್ಲೂ ಅದನ್ನು ಹೇಳಬೇಕು. ಒಂದು ಕಡೆ ಮರೆತರೂ ಕೊಡಲಾಗದ್ದನ್ನೂ ಕಂಪನಿ ಕೊಡುವೆನೆಂದು ಒಪ್ಪಿಕೊಂಡಂತಾಗುತ್ತದೆ.

ಅಂಶಗಳ ಗುರುತಿನ ಅಕ್ಷರದಲ್ಲೂ ಒಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳ ಬದಲು ಕೆಲವರು ಅ, ಆ, ಇ ಎಂದೂ ಕೆಲವರು ಎ, ಬಿ, ಸಿ ಎಂದೂ ಬರೆಯುತ್ತಾರೆ. ಮೊದಲ ಕ್ರಮದಲ್ಲಿ 'ಇ' ಮೂರನೆಯ ಅಂಶ. ಇಂಗ್ಲಿಷ್ ಪ್ರತಿ ಹಿಡಿದವರು ಬಾಯಲ್ಲಿ 'ಇ' ಎಂದರೆ ಅದು ಐದನೆಯ ಅಂಶ. ಸಭೆಯಲ್ಲಿ ಮಾತು ನಡೆಯುವುದು ಕಿವಿಯ ಮೂಲಕ, ಹಾಗಾಗಿ ಈ ಗೊಂದಲ ಕಾಗದದ ಮೇಲೆ ಕಾಣಿಸುವುದೇ ಇಲ್ಲ. ಮೂಲ ಬರೆಯುವವರನ್ನು ಒಪ್ಪಿಸಿ ಎರಡೂ ಪ್ರತಿಗಳಲ್ಲಿ 1, 2, 3 ಬಳಸುವುದು ಉತ್ತಮ. ಆಗದಿದ್ದರೆ ಎ, ಬಿ, ಸಿ ಇರಲಿ, ಉಚ್ಚಾರಣೆಯಾದರೂ ಹೊಂದುತ್ತದೆ. ಮೂಲದಲ್ಲಿ ಸಂಖ್ಯೆಯಿಲ್ಲದೆ ಬರೀ ಚುಕ್ಕೆ ಇದ್ದರೆ ಚುಕ್ಕೆಯನ್ನೇ ಉಳಿಸಬೇಕು. ಸಂಖ್ಯೆ ಹಾಕಿದರೆ ಮೂಲ ಹೇಳದ ಆದ್ಯತೆಯನ್ನು ಅನುವಾದ ಹೇಳಿದಂತಾಗುತ್ತದೆ.

ಕೋಷ್ಟಕಗಳು

ಕೋಷ್ಟಕದಲ್ಲಿ ಅಂಕಿಗಳೇ ಹೆಚ್ಚು, ಅನುವಾದಿಸಲು ಏನಿದೆ ಎನಿಸಬಹುದು. ಆದರೆ ಅಲ್ಲಿನ ಒಂದೊಂದು ಪದವೂ ಒಂದು ಇಡೀ ಕಾಲಂ ಅನ್ನು ಆಳುತ್ತದೆ. ಕಾಫಿ ವರದಿಯಲ್ಲಿ 'ಚೆರಿ' ಎಂಬ ಪದವನ್ನೇ ನೋಡಿ. ಕೊಯ್ಲಿನ ಕೋಷ್ಟಕದಲ್ಲಿ ಅದು ಗಿಡದಿಂದ ಕಿತ್ತ ಹಸಿ ಹಣ್ಣು. ಧಾರಣೆಯ ಕೋಷ್ಟಕದಲ್ಲಿ 'ಅರೇಬಿಕಾ ಚೆರಿ', 'ರೋಬಸ್ಟಾ ಚೆರಿ' ಎಂದರೆ ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಮಾರುವಂಥದ್ದು. ಪಲ್ಪಿಂಗ್ ಮಾಡಿ ಒಣಗಿಸಿದ್ದು ಪಾರ್ಚ್‌ಮೆಂಟ್. ಎರಡೂ ಕೋಷ್ಟಕಗಳಲ್ಲಿ 'ಹಣ್ಣು' ಎಂದು ಬರೆದರೆ ಧಾರಣೆ ತಪ್ಪಾಗಿ ತೋರುತ್ತದೆ, ಎರಡರಲ್ಲೂ 'ಚೆರಿ' ಎಂದು ಬಿಟ್ಟರೆ ಕೊಯ್ಲಿನ ತೂಕ ವಿಪರೀತವಾಗಿ ಕಾಣುತ್ತದೆ. ಹಾಗಾಗಿ ಕಾಲಂ ಶೀರ್ಷಿಕೆಯನ್ನು ಕೆಳಗಿನ ಅಂಕಿ ಮತ್ತು ಅಳತೆ ನೋಡಿದ ಮೇಲೆಯೇ ಅನುವಾದಿಸಬೇಕು.

ಜಮೀನಿನ ಕಾಲಂ ಇನ್ನೂ ಸೂಕ್ಷ್ಮ. ಮೂಲದಲ್ಲಿ ಹೋಬಳಿವಾರು ಸದಸ್ಯರ ವಿವರ ಹೀಗಿತ್ತೆಂದು ಇಟ್ಟುಕೊಳ್ಳೋಣ. ಅಂಕಿಗಳು ಮಾದರಿಗಾಗಿ ಕೊಟ್ಟವು.

| ಹೋಬಳಿ | ಸದಸ್ಯರು | ಕಾಫಿ ಜಮೀನು (ಎಕರೆ, ದಶಮಾಂಶದಲ್ಲಿ) |
|---|---|---|
| ಕಸಬಾ (ಸಕಲೇಶಪುರ) | 42 | 310.50 |
| ಹಾನುಬಾಳು | 58 | 402.25 |
| ಹೆತ್ತೂರು | 36 | 275.75 |
| ಕಸಬಾ (ಆಲೂರು) | 24 | 131.50 |
| ಒಟ್ಟು | 160 | 1,120.00 |

ನಮ್ಮ ಬೆಳೆಗಾರರು ಜಮೀನನ್ನು ಲೆಕ್ಕ ಹಾಕುವುದು ಎಕರೆ-ಗುಂಟೆಯಲ್ಲಿ, ಪಹಣಿಯಲ್ಲಿ ಇರುವುದೂ ಹಾಗೆಯೇ. 40 ಗುಂಟೆಗೆ ಒಂದು ಎಕರೆ. ಆದ್ದರಿಂದ 310.50 ಎಕರೆ ಎಂದರೆ 310 ಎಕರೆ 20 ಗುಂಟೆ. ಓದುಗರಿಗೆ ಹತ್ತಿರವಾಗಲಿ ಎಂದು ಅನುವಾದಿಸುವವರು ಅದನ್ನು ಎಕರೆ-ಗುಂಟೆಗೆ ಇಳಿಸಿ, ನಡುವೆ ಮೂಲದಲ್ಲಿದ್ದ ಚುಕ್ಕೆಯನ್ನೇ ಉಳಿಸುತ್ತಾರೆ: 310.20, 402.10, 275.30, 131.20. ಒಂದೊಂದು ಮನೆಯೂ ಸರಿಯಾಗಿದೆ. ಆದರೆ ಕಾಲಂ ಅನ್ನು ಯಂತ್ರ ಕೂಡಿದರೆ ಬರುವುದು 1,118.80. ಮೂಲದ ಒಟ್ಟು 1,120. ಸರಿಯಾಗಿ ಕೂಡಿದರೆ ಎಕರೆಗಳು 1,118, ಗುಂಟೆಗಳು 80, ಅಂದರೆ ಇನ್ನೆರಡು ಎಕರೆ, ಅಲ್ಲಿಗೆ 1,120. ಒಟ್ಟಿನ ಸಾಲನ್ನು ಮೂಲದಿಂದ ನಕಲು ಮಾಡಿದ್ದರೆ ಸಭೆಯಲ್ಲಿ ಕ್ಯಾಲ್ಕುಲೇಟರ್ ಹಿಡಿದ ಯಾರಾದರೂ ಎಕರೆಗೂ ಮಿಕ್ಕಿ ಜಮೀನು ಎಲ್ಲಿಂದ ಬಂತೆಂದು ಕೇಳುತ್ತಾರೆ, ಅವರ ಪ್ರಶ್ನೆ ನ್ಯಾಯವಾದದ್ದೇ. ಎರಡರಲ್ಲಿ ಒಂದು ದಾರಿ ಹಿಡಿಯಬೇಕು: ದಶಮಾಂಶವನ್ನು ಹಾಗೆಯೇ ಉಳಿಸಿ ಶೀರ್ಷಿಕೆಯಲ್ಲಿ 'ದಶಮಾಂಶದಲ್ಲಿ' ಎಂದು ಬರೆಯುವುದು, ಇಲ್ಲವೇ 310-20 ಎಂದು ಅಡ್ಡಗೆರೆ ಹಾಕಿ, ಒಟ್ಟನ್ನು ಗುಂಟೆಯ ಲೆಕ್ಕದಲ್ಲೇ ಕೂಡುವುದು. ಲೆಕ್ಕಪರಿಶೋಧಿತ ಕೋಷ್ಟಕವಾದರೆ ಮೊದಲ ದಾರಿಯೇ ಸರಿ. ಪರಿಶೋಧಕರು ಸಹಿ ಹಾಕಿದ ಅಂಕಿಗಳನ್ನು ಅನುವಾದ ಬದಲಿಸಬಾರದು.

ಹಣದ ಕಾಲಂಗೂ ಇದೇ ಎಚ್ಚರ ಬೇಕು. ಕೋಷ್ಟಕದ ಮೂಲೆಯಲ್ಲಿ 'ಮೊತ್ತ ಮಿಲಿಯನ್ ರೂಪಾಯಿಗಳಲ್ಲಿ' ಎಂದಿದ್ದುದನ್ನು 'ಲಕ್ಷ ರೂಪಾಯಿಗಳಲ್ಲಿ' ಎಂದು ಬದಲಿಸಿದರೆ ಕೆಳಗಿನ ಪ್ರತಿ ಅಂಕಿಯನ್ನೂ ಹತ್ತರಿಂದ ಗುಣಿಸಬೇಕು. ಶೀರ್ಷಿಕೆ ಬದಲಾಗಿ ಅಂಕಿ ಹಾಗೆಯೇ ಉಳಿದರೆ ಕಂಪನಿಯ ವಹಿವಾಟು ಹತ್ತನೇ ಒಂದು ಭಾಗಕ್ಕೆ ಇಳಿದಂತೆ ಕಾಣುತ್ತದೆ. ಆವರಣದೊಳಗಿನ ಅಂಕಿ ಕಳೆಯುವ ಮೊತ್ತ ಎಂಬುದು ಲೆಕ್ಕದವರಿಗೆ ಗೊತ್ತು, ಎಲ್ಲ ಸದಸ್ಯರಿಗೂ ಗೊತ್ತಿರಬೇಕೆಂದಿಲ್ಲ. ಆವರಣ ತೆಗೆಯದೆ, ಕೋಷ್ಟಕದ ಕೆಳಗೆ ಒಂದು ಸಾಲಿನ ವಿವರಣೆ ಸೇರಿಸಿದರೆ ಚೌಕಟ್ಟೂ ಉಳಿಯುತ್ತದೆ, ಅರ್ಥವೂ ತಲುಪುತ್ತದೆ.

ಸ್ಥಳನಾಮಗಳ ಬಗ್ಗೆ ಎರಡು ಮಾತು. ಮೇಲಿನ ಕೋಷ್ಟಕದಲ್ಲಿ 'ಕಸಬಾ' ಎರಡು ಸಲ ಬಂದಿದೆ, ಏಕೆಂದರೆ ಎರಡೂ ತಾಲ್ಲೂಕಿನಲ್ಲಿ ಕಸಬಾ ಹೋಬಳಿ ಇದೆ. ಹೀಗೆ ಆವರಣದಲ್ಲಿ ಇರುವ ಬದಲು ಮೂಲದಲ್ಲಿ ತಾಲ್ಲೂಕಿನ ಹೆಸರು ಮೇಲಿನ ಜೋಡಿಸಿದ ಮನೆಯಲ್ಲಿ ಇದ್ದು, ಅನುವಾದದಲ್ಲಿ ಆ ಮನೆ ಒಡೆದುಹೋದರೆ ಎರಡು ಸಾಲುಗಳಲ್ಲಿ ಯಾವುದು ಯಾರದೆಂದು ತಿಳಿಯುವುದಿಲ್ಲ. ಇಂಗ್ಲಿಷ್ ಕಾಗುಣಿತದಿಂದ ಊರಿನ ಹೆಸರನ್ನು ಊಹಿಸುವುದೂ ಅಪಾಯ. ಹಾನುಬಾಳು, ಯಸಳೂರು ಇಂಗ್ಲಿಷಿನಲ್ಲಿ ಮೊಟಕಾಗುತ್ತವೆ. ಆಲೂರಿನ ಕೆ. ಹೊಸಕೋಟೆಯನ್ನು ಬೆಂಗಳೂರಿನ ಪಕ್ಕದ ಹೊಸಕೋಟೆ ಎಂದು ದೂರದ ಅನುವಾದಕರು ಭಾವಿಸಬಹುದು. ಕಂದಾಯ ಇಲಾಖೆಯ ಹಳ್ಳಿಗಳ ಪಟ್ಟಿಯೊಂದಿಗೆ ತಾಳೆ ನೋಡಿಯೇ ಹೆಸರು ಬರೆಯಬೇಕು, ಸಾಲುಗಳ ಕ್ರಮ ಮಾತ್ರ ಮೂಲದ್ದೇ ಇರಬೇಕು.

ಕೊನೆಯದು ಮುದ್ರಣದ ಸಂಗತಿ. ಕನ್ನಡ ಅಕ್ಷರಕ್ಕೆ ಒತ್ತಕ್ಷರ ಇರುವುದರಿಂದ ಸಾಲು ಎತ್ತರ ಬೇಡುತ್ತದೆ. ಇಂಗ್ಲಿಷ್ ಕೋಷ್ಟಕದಲ್ಲಿ ಸಾಲಿನ ಎತ್ತರ `Exactly` ಎಂದು ನಿಗದಿಯಾಗಿದ್ದರೆ 'ಉತ್ಪನ್ನ', 'ಕೊಯ್ಲು', 'ಒಟ್ಟು' ಪದಗಳ ಒತ್ತುಗಳು ಕತ್ತರಿಸಿಹೋಗುತ್ತವೆ. ಅದನ್ನು `At least` ಎಂದು ಬದಲಿಸಿದರೆ ಸಾಕು. ಉದ್ದನೆಯ ಕೋಷ್ಟಕ ಮುಂದಿನ ಪುಟಕ್ಕೆ ಹರಿದರೆ ಶೀರ್ಷಿಕೆ ಸಾಲು ಅಲ್ಲೂ ಬರುವಂತೆ `Repeat Header Rows` ಆರಿಸಬೇಕು.

ಸಾಧನಗಳು

ಕೆಲಸ ಮಾಡುವ ವಿಧಾನಗಳನ್ನು ನೋಡಿದರೆ ಮುಖ್ಯವಾಗಿ ಮೂರು ಕಾಣುತ್ತವೆ. ಡಿ.ಟಿ.ಪಿ. ಅಂಗಡಿಯಲ್ಲಿ ಇಡೀ ವರದಿಯನ್ನು ಹೊಸದಾಗಿ ಟೈಪ್ ಮಾಡಿಸುವುದು ಹಳೆಯದು. ಇದರಲ್ಲಿ ಚೌಕಟ್ಟನ್ನು ಮೊದಲಿನಿಂದ ಕಟ್ಟಬೇಕಾದ್ದರಿಂದ ಸಾಲು ಬಿಟ್ಟುಹೋಗುವ ಅಪಾಯ ಅತಿ ಹೆಚ್ಚು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳನ್ನು ಬಳಸಿದರೆ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಆ ಅಕ್ಷರವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿಹ್ನೆಗಳು ಕೂತಿರುವುದರಿಂದ, ಇಡೀ ಕೋಷ್ಟಕವನ್ನು ಆರಿಸಿ ಅಕ್ಷರ ಬದಲಿಸಿದ ಕೂಡಲೇ ಇಂಗ್ಲಿಷಿನಲ್ಲಿದ್ದ ತಳಿಗಳ ಹೆಸರು, ಅಳತೆಯ ಸಂಕ್ಷೇಪಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಇಂದು ಯೂನಿಕೋಡ್ ಬಿಟ್ಟು ಬೇರೆಯದರಲ್ಲಿ ವರದಿ ಮಾಡಿಸಲು ಕಾರಣವಿಲ್ಲ.

ಎರಡನೆಯದು, ಮೂಲ ಕಡತದ ಪ್ರತಿ ಮಾಡಿಕೊಂಡು ಅದರ ಮೇಲೆಯೇ ಬರೆಯುವುದು. ಚೌಕಟ್ಟು ಹೆಚ್ಚಿನಂಶ ತಾನಾಗಿ ಉಳಿಯುತ್ತದೆ. ಒಬ್ಬರೇ ಮಾಡುವ ಐವತ್ತು-ನೂರು ಪುಟದ ವರದಿಗೆ ಇದೇ ಸರಳ.

ಮೂರನೆಯದು, ಒಮೇಗಾಟಿಯಂಥ ಉಚಿತ ಅನುವಾದ ತಂತ್ರಾಂಶ. ಅದು ಕಡತವನ್ನು ವಾಕ್ಯಗಳಾಗಿ ತುಂಡರಿಸಿ ಒಂದೊಂದನ್ನೇ ಮುಂದಿಡುತ್ತದೆ, ವಿನ್ಯಾಸವನ್ನು `<t0>` ರೀತಿಯ ಗುರುತುಗಳಲ್ಲಿ ಕಾಪಾಡುತ್ತದೆ. ಗುರುತು ಅಳಿದಿದ್ದರೆ ಪರೀಕ್ಷೆಯಲ್ಲಿ ತೋರಿಸುತ್ತದೆ. ಪ್ರತಿ ವರ್ಷ ಅದೇ ಮಾದರಿಯಲ್ಲಿ ಬರುವ ವರದಿಗೆ ಇದು ಬಲು ಉಪಯುಕ್ತ, ಕಳೆದ ವರ್ಷದ ತಲೆಬರಹಗಳು ಹಾಗೆಯೇ ಸಿಗುತ್ತವೆ. ಆದರೆ ಇದರ ಬಲದಲ್ಲೇ ದೌರ್ಬಲ್ಯವೂ ಇದೆ. ಪಟ್ಟಿಯ ಪೀಠಿಕೆ ಒಂದು ತುಂಡು, ಪ್ರತಿ ಅಂಶ ಒಂದೊಂದು ತುಂಡು. ಬಿಡಿ ತುಂಡನ್ನೇ ನೋಡುತ್ತ ಹೋದರೆ ಕ್ರಿಯಾಪದದ ಸಮಸ್ಯೆ ಕಣ್ಣಿಗೇ ಬೀಳುವುದಿಲ್ಲ. ಒಂದು ಕಡೆ ಬರೆದ 'ಚೆರಿ' ಅದೇ ಪದವಿರುವ ಎಲ್ಲ ಮನೆಗಳಿಗೂ ತಾನಾಗಿ ತುಂಬಿಕೊಳ್ಳುತ್ತದೆ, ಎರಡು ಕಸಬಾಗಳೂ ಒಂದೇ ಆಗುತ್ತವೆ. ಆದ್ದರಿಂದ ಪಕ್ಕದಲ್ಲಿ ಮೂಲ ಕಡತವನ್ನು ತೆರೆದಿಟ್ಟು, ಇಡೀ ಪಟ್ಟಿ, ಇಡೀ ಕೋಷ್ಟಕ ನೋಡಿದ ಮೇಲೆಯೇ ತುಂಡುಗಳನ್ನು ತುಂಬಬೇಕು.

ಯಾವ ಸಾಧನವೂ ಮುಟ್ಟಲಾಗದ ಜಾಗವೆಂದರೆ ಚಿತ್ರವಾಗಿ ಅಂಟಿಸಿದ ನಕ್ಷೆ, ಗ್ರಾಫುಗಳು. ಅವುಗಳ ಒಳಗಿನ ಇಂಗ್ಲಿಷ್ ಪದಗಳು ಹಾಗೆಯೇ ಉಳಿಯುತ್ತವೆ. ಕೆಲಸ ಆರಂಭಿಸುವ ಮೊದಲೇ ಅವುಗಳ ಮೂಲ ಲೆಕ್ಕದ ಹಾಳೆಯನ್ನು ಕೇಳಿ ತರಿಸಿಕೊಳ್ಳಬೇಕು. ಸಿಗದಿದ್ದರೆ ಚಿತ್ರದ ಕೆಳಗೆ ಪದಗಳ ಕನ್ನಡ ಸೂಚಿಯನ್ನಾದರೂ ಕೊಡಬೇಕು.

ತಾಳೆ

ಅನುವಾದ ಮುಗಿದ ಮೇಲೆ ಓದಿ ತಿದ್ದುವುದು ಒಂದು ಕೆಲಸ, ಚೌಕಟ್ಟಿನ ತಾಳೆ ಇನ್ನೊಂದು. ಎರಡನ್ನೂ ಒಂದೇ ಸಲ ಮಾಡಲು ಹೋದರೆ ಎರಡೂ ಅರೆಬರೆಯಾಗುತ್ತವೆ. ವಾಕ್ಯ ಓದುವ ಕಣ್ಣು ಸಾಲುಗಳನ್ನು ಎಣಿಸುವುದಿಲ್ಲ.

ತಾಳೆಗೆ ಒಂದು ಹಾಳೆ ಸಾಕು. ಅಧ್ಯಾಯಕ್ಕೊಂದು ಸಾಲು ಹಾಕಿ, ಮೂಲದಲ್ಲಿ ಎಷ್ಟು ತಲೆಬರಹ, ಎಷ್ಟು ಕೋಷ್ಟಕ, ಎಷ್ಟು ಪಟ್ಟಿ, ಎಷ್ಟು ಟಿಪ್ಪಣಿ ಎಂದು ಬರೆದು, ಪಕ್ಕದಲ್ಲಿ ಕನ್ನಡದ ಎಣಿಕೆ ಬರೆಯಬೇಕು. ಕೋಷ್ಟಕಗಳಿಗೆ ಸಾಲು ಮತ್ತು ಕಾಲಂಗಳ ಸಂಖ್ಯೆ, ಪಟ್ಟಿಗಳಿಗೆ ಅಂಶಗಳ ಸಂಖ್ಯೆ. ವ್ಯತ್ಯಾಸ ಬಂದ ಕಡೆ ಮಾತ್ರ ಪುಟ ತೆರೆದರಾಯಿತು. ಆಮೇಲೆ ಕನ್ನಡ ಪ್ರತಿಯ ಪ್ರತಿ ಕಾಲಂ ಅನ್ನೂ ಹೊಸದಾಗಿ ಕೂಡಿ ಒಟ್ಟಿನ ಸಾಲಿಗೆ ಹೋಲಿಸಬೇಕು. ಎಕರೆ-ಗುಂಟೆಯ ತಪ್ಪು ಸಿಕ್ಕಿಬೀಳುವುದು ಇಲ್ಲೇ. ಆದರೆ ಕೂಡಿಕೆಯಿಂದ ಎಲ್ಲವೂ ಸಿಗುವುದಿಲ್ಲ. ಹಾನುಬಾಳಿನ ಅಂಕಿ ಹೆತ್ತೂರಿಗೆ, ಹೆತ್ತೂರಿನದು ಹಾನುಬಾಳಿಗೆ ಅದಲುಬದಲಾದರೆ ಒಟ್ಟು ಸರಿಯಾಗಿಯೇ ಇರುತ್ತದೆ. ಅದಕ್ಕೆ ಇಬ್ಬರು ಎದುರುಬದುರು ಕುಳಿತು, ಒಬ್ಬರು ಮೂಲದಿಂದ ಸಾಲಿನ ಹೆಸರು, ಅಂಕಿ ಓದುತ್ತ, ಇನ್ನೊಬ್ಬರು ಕನ್ನಡದಲ್ಲಿ ಗುರುತು ಹಾಕುವ ಹಳೆಯ ಪದ್ಧತಿಗಿಂತ ಉತ್ತಮವಾದದ್ದಿಲ್ಲ. ಮಾಲೀಕರ ಖಾತೆಯನ್ನು ತೋಟದ ರೈಟರುಗಳು ಹೀಗೆಯೇ ತಾಳೆ ನೋಡುತ್ತಾರೆ.

ಸಾಮ್ಯವನ್ನು ಎಲ್ಲಿ ಬಿಟ್ಟುಕೊಡಬಹುದು ಎಂಬುದನ್ನೂ ಹೇಳಬೇಕು. ಪುಟಸಂಖ್ಯೆ ಹೊಂದಬೇಕಿಲ್ಲ, ಕನ್ನಡ ಪ್ರತಿ ದೊಡ್ಡದಾಗುವುದು ಸಹಜ. ಒಂದು ಉದ್ದ ವಾಕ್ಯ ಎರಡಾದರೆ ಅಡ್ಡಿಯಿಲ್ಲ. ಪದಗಳ ಅರ್ಥಕೋಶ ವರದಿಯ ಕೊನೆಯಲ್ಲಿದ್ದರೆ ಅದನ್ನು ಕನ್ನಡದ ಅಕಾರಾದಿಯಲ್ಲೇ ಜೋಡಿಸಬೇಕು, ಏಕೆಂದರೆ ಅದರ ಕ್ರಮ ಹುಡುಕಲು ಇರುವುದೇ ಹೊರತು ಉಲ್ಲೇಖಿಸಲು ಅಲ್ಲ. ಸಂಖ್ಯೆ ಹೊತ್ತದ್ದು, ಒಟ್ಟು ಕೂಡುವಂಥದ್ದು, ಇನ್ನೊಂದು ಕಡೆಯಿಂದ ಉಲ್ಲೇಖವಾಗುವಂಥದ್ದು ಮಾತ್ರ ಕದಲಬಾರದು.

ಈ ಶ್ರಮದ ಫಲ ಹೆಚ್ಚಾಗಿ ಕಾಣುವುದು ಕೊನೆಯ ವಾರದಲ್ಲಿ. ಉತ್ಪಾದಕ ಕಂಪನಿಗಳ ಅಧ್ಯಾಯ 2020ರ ತಿದ್ದುಪಡಿಯಿಂದ 2013ರ ಕಂಪನಿ ಕಾಯ್ದೆಯೊಳಗೆ ಬಂದಿದೆ. ಅದರಂತೆ ಮಹಾಸಭೆಗೆ ಕನಿಷ್ಠ 14 ದಿನ ಮೊದಲು ಸದಸ್ಯರಿಗೆ ನೋಟಿಸು ಹೋಗಬೇಕು, ಜೊತೆಗೆ ಪರಿಶೋಧಿತ ಲೆಕ್ಕವೂ ಹೋಗಬೇಕು. ನೋಟಿಸು ಹೊರಡುವ ಹಿಂದಿನ ದಿನಗಳಲ್ಲೇ ಪರಿಶೋಧಕರು ಒಂದು ಅಂಕಿ ತಿದ್ದುತ್ತಾರೆ, ಒಂದು ಸಾಲು ಸೇರಿಸುತ್ತಾರೆ, ಒಂದು ಟಿಪ್ಪಣಿ ತೆಗೆಯುತ್ತಾರೆ. ಚೌಕಟ್ಟು ಮೂಲದಂತೆಯೇ ಇದ್ದರೆ ತಿದ್ದುಪಡಿ ಸೇರಬೇಕಾದ ಜಾಗ ಸಂಖ್ಯೆಯಿಂದಲೇ ಸಿಗುತ್ತದೆ, ಹುಡುಕಲು ಇಡೀ ವರದಿ ಓದಬೇಕಿಲ್ಲ. ಅಷ್ಟೇ ಅಲ್ಲ, ಕನ್ನಡ ಬಾರದ ಪರಿಶೋಧಕರೂ ಕನ್ನಡ ಪ್ರತಿಯ ಕೋಷ್ಟಕ 4.2 ತೆರೆದು, ತಮ್ಮ ಅಂಕಿ ತಮ್ಮ ಸಾಲಿನಲ್ಲೇ ಇದೆಯೆಂದು ಖಚಿತಪಡಿಸಬಲ್ಲರು. ಸದಸ್ಯರು ಓದುವ ಪ್ರತಿಯನ್ನು ಸಹಿ ಹಾಕುವವರೂ ಪರೀಕ್ಷಿಸಬಲ್ಲರು ಎಂದಾಗ ಕನ್ನಡ ಪ್ರತಿಗೆ ಇಂಗ್ಲಿಷ್ ಪ್ರತಿಯಷ್ಟೇ ಬೆಲೆ ಬರುತ್ತದೆ.